ನಾಲ್ಕು ಅಕ್ಷರದ ಗುಳಿಗೆ

ಡಿಗ್ರಿ ಮುಗಿದ ಮೇಲೆ ನಾನು ಎರಡು ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಸೋದರಮಾವನ ಇಂಟರ್ನೆಟ್ ಸೆಂಟರ್ ನೋಡಿಕೊಂಡೆ. ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಒಂದು ಕೋಣೆ. ಐದು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದರೆ ಕಿರ್ ಎನ್ನುವ ಯುಪಿಎಸ್. ಪರೀಕ್ಷೆಯ ಫಲಿತಾಂಶ ನೋಡುವವರು, ಕೆಲಸಕ್ಕೆ ಅರ್ಜಿ ಹಾಕುವವರು ಬರುತ್ತಿದ್ದರು. ಹೆಚ್ಚಿನವರು ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ.

ಎರಡು ಸಾವಿರದ ಒಂಬತ್ತರ ಸುಮಾರು ಇರಬೇಕು. ಹುಡುಕುವ ಪೆಟ್ಟಿಗೆಯಲ್ಲಿ ಎರಡು ಮೂರು ಅಕ್ಷರ ಒತ್ತುವಷ್ಟರಲ್ಲಿ ಕೆಳಗೆ ಪಟ್ಟಿ ಇಳಿಯುವುದು ಆಗ ನಮಗೆ ಹೊಸದು. ಕೆ, ಎ, ಆರ್ ಎಂದು ಒತ್ತಿದರೆ ಸಾಕು, ಕರ್ನಾಟಕದ ಪರೀಕ್ಷಾ ಫಲಿತಾಂಶ ತಾನೇ ಬಂದು ನಿಲ್ಲುತ್ತಿತ್ತು. ನೋಡುವವರು ಬೆರಗಾಗುತ್ತಿದ್ದರು. "ನಾವಿನ್ನೂ ಹೇಳೇ ಇಲ್ಲ, ಅದಕ್ಕ ಹ್ಯಾಂಗ್ ಗೊತ್ತಾತ್ರಿ?" ಎಂದು ಕೇಳಿದಾಗ ನಾನೇ ಏನೋ ವಿದ್ಯೆ ಕಲಿತವಳ ಹಾಗೆ ನಗುತ್ತಿದ್ದೆ. ಅವರ ಮನಸ್ಸು ಅದಕ್ಕೆ ಗೊತ್ತಾಗಿರಲಿಲ್ಲ. ಆ ಅಕ್ಷರಗಳಿಂದ ಶುರುಮಾಡಿದ ಬೇರೆ ಸಾವಿರಾರು ಜನ ಮುಂದೆ ಏನು ಬರೆದಿದ್ದರೋ ಅದನ್ನು ತಂದು ತೋರಿಸುತ್ತಿತ್ತು, ಅಷ್ಟೇ. ಇದು ಆಗಲೂ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎನ್ನುವುದೇ ಇವತ್ತಿಗೂ ಎದೆಯಲ್ಲಿ ಕೂತಿದೆ.

ಸೆಂಟರಿನ ಕೆಳಗಿನ ಅಂಗಡಿಯಲ್ಲಿ ಒಬ್ಬ ಅಕ್ಕ ಹೆಂಗಸರ ಜಾಕೀಟು, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಕೊಟ್ಟೂರಿನ ಕಡೆಯವಳು. ಗಂಡ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮಧ್ಯಾಹ್ನದ ಬುತ್ತಿ ನಾವಿಬ್ಬರೂ ಒಟ್ಟಿಗೆ ಬಿಚ್ಚುತ್ತಿದ್ದೆವು. ಆ ವರ್ಷ ಅವಳ ಬೆರಳಿನ ಗೆಣ್ಣುಗಳೆಲ್ಲ ಊದಿ, ಬೆಳಿಗ್ಗೆ ಎದ್ದರೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಗುಳಿಗೆ ತಂದಳು.

ಒಂದು ಸೋಮವಾರ ಬೆಳಿಗ್ಗೆ ಅವಳು ಮಹಡಿ ಹತ್ತಿ ಬಂದಳು. ಕೈಯಲ್ಲಿ ಕತ್ತರಿಸಿದ ಗುಳಿಗೆ ಹಾಳೆಯ ತುಂಡೊಂದಿತ್ತು. ಅದರಲ್ಲಿ ನಾಲ್ಕು ಹಳದಿ ಗುಳಿಗೆ.

"ಡಾಕ್ಟರ್ ಬರದ ಚೀಟಿ ಜಾಕೀಟಿನಾಗ ಇಟ್ಟಿದ್ದೆ ನೋಡು, ಬಟ್ಟಿ ಒಗಿಯಾಕ ಹಾಕಿಬಿಟ್ಟೆ. ಮುದ್ದಿ ಆಗಿ ಹೋತು. ಮೂರು ತಗೋ ಅಂದಿದ್ರು, ಅದೊಂದು ನೆನಪೈತಿ. ಯಾವಾಗ ಯಾವಾಗ ಅಂತ ಸ್ವಲ್ಪ ನಿನ್ನ ಕಂಪ್ಯೂಟರಿನಾಗ ನೋಡ."

ಹಾಳೆಯ ಹಿಂದೆ ಇಂಗ್ಲಿಷಿನಲ್ಲಿ ಹೆಸರು. ದಾವಣಗೆರೆಯ ಔಷಧಿ ಅಂಗಡಿಯವನ ಕತ್ತರಿ ಅದರ ಮೇಲೆಯೇ ಹಾದುಹೋಗಿತ್ತು. ಎಂ, ಇ, ಟಿ, ಎಚ್ ಎಂಬ ನಾಲ್ಕೇ ಅಕ್ಷರ ಉಳಿದಿದ್ದವು. ನಾಲ್ಕನ್ನೂ ಒತ್ತಿದೆ. ಪಟ್ಟಿ ಇಳಿಯಿತು. ಮೊದಲು ಮೆಂತ್ಯ ಬಂತು, ಹಿಂದಿಯ ಮೇಥಿ.

"ಅಕ್ಕಾ, ಡಾಕ್ಟರು ಮೆಂತ್ಯ ಕೊಟ್ಟಾರಂತ ನೋಡು!" ಎಂದೆ. ಇಬ್ಬರೂ ನಕ್ಕೆವು.

ಅದರ ಕೆಳಗೆ ಎರಡು ಮೂರು ಬೇರೆ ಮಾತುಗಳು. ಆಮೇಲೆ ಮಿಥೈಲ್‌ಕೋಬಾಲಮಿನ್. ಆ ಪಟ್ಟಿಯಲ್ಲಿ ಗುಳಿಗೆಯ ಹೆಸರಿನ ಹಾಗೆ ಕಂಡದ್ದು ಅದೊಂದೇ. ಒತ್ತಿದೆ. ನರಗಳಿಗೆ ಕೊಡುವ ವಿಟಮಿನ್ ಎಂದಿತ್ತು. ಕೈಕಾಲು ಜೋಮು ಹಿಡಿಯುವುದಕ್ಕೆ, ದಿನಕ್ಕೆ ಮೂರು ಸಲ ಎಂದಿತ್ತು. ಮೂರು! ಡಾಕ್ಟರು ಹೇಳಿದ ಮೂರೂ ಕೂಡಿ ಬಂತು. ಇನ್ನು ಕೇಳುವುದೇನಿದೆ?

"ದಿನಾ ಮೂರು ಅಕ್ಕಾ. ಮುಂಜಾನಿ, ಮಧ್ಯಾಹ್ನ, ಸಂಜಿ. ಶಕ್ತಿ ಗುಳಿಗಿ, ಹೆದರಬ್ಯಾಡ."

ಅವಳು ಅಲ್ಲಿಯೇ ಹೂಜಿಯ ನೀರಿನಲ್ಲಿ ಒಂದನ್ನು ನುಂಗಿ ಕೆಳಗಿಳಿದಳು.

ಐದನೆಯ ದಿನ ಬುತ್ತಿ ಬಿಚ್ಚಿದಾಗ ಅವಳು ರೊಟ್ಟಿ ಮುಟ್ಟಲಿಲ್ಲ. ಬಾಯಲ್ಲಿ ಹುಣ್ಣು ಎದ್ದಿದೆ, ಖಾರ ತಾಗಿದರೆ ಜೀವ ಹೋಗುತ್ತದೆ ಎಂದಳು. ಮೇಲೆ ಹೋಗಿ ಬಾಯಿ ಹುಣ್ಣು ಎಂದು ಇಂಗ್ಲಿಷಿನಲ್ಲಿ ಒತ್ತತೊಡಗಿದೆ. ಮುಗಿಸುವ ಮೊದಲೇ ಪಟ್ಟಿ ಬಂತು. ಮನೆಮದ್ದು, ಮಕ್ಕಳ ಬಾಯಿ ಹುಣ್ಣು, ವಿಟಮಿನ್ ಕೊರತೆಯಿಂದ ಬರುವ ಹುಣ್ಣು. ಮೂರನೆಯದನ್ನು ಆರಿಸಿದೆ. ಯಾವ ವಿಟಮಿನ್ ಕಡಿಮೆಯಾದರೆ ಹುಣ್ಣಾಗುತ್ತದೆ ಎಂದು ಆ ಪುಟ ಹೇಳುತ್ತಿತ್ತೋ, ಅಕ್ಕನ ಗುಳಿಗೆ ಅದೇ ವಿಟಮಿನ್ ಎಂದು ನಾನು ತಿಳಿದಿದ್ದೆ. ದಡದಡನೆ ಕೆಳಗಿಳಿದು ಬಂದೆ.

"ನಿನ್ನ ಗುಳಿಗೀನ ಇದಕ್ಕೂ ಔಷಧ ಅಕ್ಕಾ. ಬಿಡಬ್ಯಾಡ, ನುಂಗು."

ನುಂಗಿದಳು. ನನ್ನ ಮಾತು ಕೇಳಿ ಇನ್ನೂ ಎರಡು ದಿನ ನುಂಗಿದಳು.

ಎಂಟನೆಯ ದಿನ ಅವಳು ಅಂಗಡಿ ತೆರೆಯಲಿಲ್ಲ. ಮನೆಗೆ ಹೋದರೆ ಗೋಡೆಗೊರಗಿ ಕೂತಿದ್ದಳು. ತುಟಿ ಬಿರಿದು ರಕ್ತ ಕಪ್ಪಗಾಗಿತ್ತು, ಮೈ ಸುಡುತ್ತಿತ್ತು, ನೀರು ಕೂಡ ಇಳಿಯುತ್ತಿರಲಿಲ್ಲ. ಹುಣ್ಣಿಗೆ ಹಚ್ಚುವುದೇನಾದರೂ ತರುತ್ತೇನೆಂದು ಔಷಧಿ ಅಂಗಡಿಗೆ ಓಡಿದೆ. ಅಲ್ಲಿ ಕೂರುತ್ತಿದ್ದ ಹಿರಿಯರು ಮಾವನ ಗೆಳೆಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

"ಕಾಕಾ, ಬಾಯಿ ಹುಣ್ಣಿಗೆ ಏನರ ಕೊಡ್ರಿ."

ಅವರು ಕಪಾಟಿನ ಕಡೆ ತಿರುಗಲಿಲ್ಲ. "ಯಾರಿಗವ್ವ?"

"ಟೇಲರ್ ಅಕ್ಕಗ್ರಿ. ನೀರು ಕುಡಿಯಾಕೂ ಆಗವಲ್ದು. ಜ್ವರಾನೂ ಐತ್ರಿ."

"ಬ್ಯಾರೆ ಏನರ ಗುಳಿಗಿ ನುಂಗಾಕತ್ಯಾಳೇನು?"

"ನರದ ಗುಳಿಗಿ ಅಷ್ಟರಿ. ವಿಟಮಿನ್."

"ಯಾತಕ್ಕ ಕೊಟ್ಟಾರ?"

"ಬೆರಳಿನ ಸಂದು ಊದಿದ್ವು. ದಾವಣಗೆರಿ ಡಾಕ್ಟರ್ ಕೊಟ್ಟಾರ."

ಕಾಕಾ ಕನ್ನಡಕ ತೆಗೆದರು. "ಸಂದು ಊದಿದ್ದಕ್ಕ ಬರೇ ನರದ ವಿಟಮಿನ್ ಕೊಟ್ರಾ? ಹೆಸರೇನು?"

"ಮಿಥೈಲ್‌ಕೋಬಾಲಮಿನ್."

"ಹಾಳಿ ಮ್ಯಾಲೆ ಅಷ್ಟೂ ಓದಿದ್ಯೇನು ನೀನು?"

"ಇಲ್ರಿ. ಮೆಥ್ ಅಂತ ಇತ್ತು. ಉಳಿದದ್ದು ಕತ್ತರಿಸಿ ಹೋಗಿತ್ತು."

"ಹಂಗಾರ ಉಳಿದದ್ದು ಯಾರು ಹೇಳಿದ್ರು?"

"ಕಂಪ್ಯೂಟರ್" ಎಂದೆ.

ಅವರು ಬೈಯಲಿಲ್ಲ. ಚಪ್ಪಲಿ ಮೆಟ್ಟಿ, "ನಡಿ" ಎಂದರು. ಅವರನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ.

ಕಾಕಾ ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು: "ತಂಗೀ, ಡಾಕ್ಟರು ಮತ್ತ ಯಾವಾಗ ಬಾ ಅಂದಾರ?"

"ಎರಡು ತಿಂಗಳು ಬಿಟ್ಟು."

"ಎರಡು ತಿಂಗಳಿಗೆ ಎಷ್ಟು ಗುಳಿಗಿ ಕೊಟ್ಟಿದ್ರು?"

"ಇಪ್ಪತ್ನಾಕು."

"ವಾರದ ಹೆಸರು ಏನರ ಹೇಳಿದ್ರೇನು? ನೆನಪು ಮಾಡ್ಕ್ಯ."

ಅಕ್ಕ ಕಷ್ಟಪಟ್ಟು ತುಟಿ ಬಿಡಿಸಿದಳು. "ಸೋಮವಾರ ಅಂದಿದ್ರು. ಸೋಮವಾರದಿಂದ ಶುರು ಮಾಡು ಅಂತ ತಿಳ್ಕಂಡೆ."

"ಉಳಿದ ಗುಳಿಗಿ ಎಲ್ಲಿ ಅದಾವು?"

ಗೂಡಿನಲ್ಲಿ ಒಂದು ಪೌಡರ್ ಡಬ್ಬಿ ಇತ್ತು. ಕಾಕಾ ಅದರಿಂದ ಎರಡು ಪೂರ್ತಿ ಹಾಳೆ ತೆಗೆದರು. ಒಂದು ಖಾಲಿ, ಇನ್ನೊಂದರಲ್ಲಿ ಮೂರು ಗುಳಿಗೆ ಉಳಿದಿದ್ದವು. ಎರಡರ ಬೆನ್ನ ಮೇಲೂ ಹೆಸರು ಪೂರ್ತಿ ಇತ್ತು. ನಾನೇ ಓದಿದೆ: ಮೆಥೋಟ್ರೆಕ್ಸೇಟ್. ವಿಟಮಿನ್ ಅಲ್ಲ. ಬೇರೆಯೇ ಔಷಧ.

"ಇದು ವಾರಕ್ಕೊಮ್ಮಿ ನುಂಗೋ ಗುಳಿಗಿ" ಎಂದರು ಕಾಕಾ. "ಒಂದು ಸೋಮವಾರ ಮೂರು, ಮತ್ತ ಮುಂದಿನ ಸೋಮವಾರನ. ಏಳು ವಾರದ್ದು ಏಳು ದಿನದಾಗ ಹೊಟ್ಟಿಗೆ ಹೋಗ್ಯಾವು. ಗಾಡಿ ಕರಿ, ಓಡು."

ಪೂರ್ತಿ ಹೆಸರು ಇಷ್ಟು ದಿನ ಈ ಡಬ್ಬಿಯಲ್ಲೇ ಇತ್ತು. ಬೇರೆ ಹಾಳೆ ಐತೇನು ಅಕ್ಕಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಂಪ್ಯೂಟರಿನ ಹುಡುಕುವ ಪೆಟ್ಟಿಗೆಗೆ ಅದನ್ನು ಕೇಳಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಜೀಪು ಮಾಡಿಕೊಂಡು ಹೊರಟೆವು. ಹರಪನಹಳ್ಳಿ ದಾಟುವಾಗ ಅಕ್ಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಕೂದಲು ಸರಿಪಡಿಸಲು ಹೋದರೆ ಬೆರಳಿಗೆ ಎಳೆ ಎಳೆಯಾಗಿ ಬಂತು. ಕೈ ಹಿಂದೆಗೆದೆ. ಅವಳಿಗೆ ಕಾಣದಂತೆ ಆ ಕೂದಲನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡೆ.

ದಾವಣಗೆರೆಯಲ್ಲಿ ಅದೇ ಡಾಕ್ಟರು ರಕ್ತ ತೆಗೆಸಿದರು. ಬಿಳಿ ರಕ್ತಕಣ ತೀರಾ ಇಳಿದಿವೆ ಎಂದು ಆಗಲೇ ಒಳಗೆ ಸೇರಿಸಿಕೊಂಡು, ಆ ಔಷಧದ ನಂಜು ತಗ್ಗಿಸುವ ಇಂಜೆಕ್ಷನ್ ಶುರುಮಾಡಿದರು. ಆಮೇಲೆ ಬಂದು ಕೇಳಿದರು: "ವಾರಕ್ಕೊಂದೇ ದಿನ ಅಂತ ಎರಡು ಸಲ ಹೇಳಿದ್ನಲ್ಲಮ್ಮ, ದಿನಾ ತಗೊಳ್ಳೋಕೆ ಹೇಳಿದ್ಯಾರು?"

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಯಾರೂ ಇಲ್ರಿ. ನಾನ ಮರ್ತೆ."

ಬಾಯಿ ತುಂಬ ಹುಣ್ಣು ಇಟ್ಟುಕೊಂಡು ಅವಳು ನನಗಾಗಿ ಸುಳ್ಳು ಹೇಳಿದಳು. "ನಾನು ಹೇಳಿದ್ದು ಸರ್" ಎಂದು ನಾಲ್ಕು ಅಕ್ಷರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ಔಷಧಿ ಅಂಗಡಿಯವರು ಸರಿಯಾದ ಪ್ರಶ್ನೆ ಕೇಳಿದ್ರು. ಇಲ್ಲದಿದ್ರೆ ಇವರು ಉಳಿದ ಮೂರನ್ನೂ ನುಂಗಿರೋರು" ಎಂದಷ್ಟೇ ಹೇಳಿ ಡಾಕ್ಟರು ಹೊರಟರು.

ಅಕ್ಕ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ನಾಲ್ಕನೆಯ ದಿನದವರೆಗೂ ಏನೂ ಹೇಳಲಾಗದು ಎನ್ನುತ್ತಿದ್ದರು. ಐದನೆಯ ದಿನ ಒಂದು ಚಮಚ ಗಂಜಿ ಇಳಿಯಿತು.

ನಡುವೆ ಒಮ್ಮೆ ಊರಿಗೆ ಬಂದಾಗ ಸೆಂಟರಿಗೆ ಹೋಗಿ ಅದೇ ನಾಲ್ಕು ಅಕ್ಷರ ಒತ್ತಿದೆ. ಅದೇ ಮೆಂತ್ಯ, ಅದೇ ವಿಟಮಿನ್. ಯಾವ ವ್ಯತ್ಯಾಸವೂ ಇಲ್ಲ. ಮುಂದೆ ಓ, ಟಿ ಎಂದು ಎರಡೇ ಅಕ್ಷರ ಸೇರಿಸಿದೆ. ಪಟ್ಟಿ ಪೂರ್ತಿ ಬದಲಾಗಿ ಅಕ್ಕನ ಗುಳಿಗೆ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ನಾನು ಪರದೆ ಆರಿಸಿ, ಬಾಗಿಲಿಗೆ ಬೀಗ ಹಾಕಿ ಕೆಳಗಿಳಿದೆ.

ಅಕ್ಕ ಮನೆಗೆ ಬಂದ ಮೇಲೆ ದಿನಾ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಅವಳ ತಲೆಯ ಮುಂಭಾಗ ಬೋಳಾಗಿತ್ತು, ಸೆರಗು ಹೊದ್ದು ಕೂರುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಅಕ್ಕಾ, ಡಬ್ಬಿಯಾಗ ಪೂರ್ತಿ ಹೆಸರಿನ ಹಾಳಿ ಇತ್ತಲ್ಲ, ಅವತ್ತು ಅದನ್ನ ಯಾಕ ತರಲಿಲ್ಲ?"

"ನನಗೇನ್ ಗೊತ್ತು? ನೀ ಕೇಳಲಿಲ್ಲಲ್ಲ" ಎಂದಳು. "ನಾಲ್ಕು ಅಕ್ಷರ ಸಾಲೂದಿಲ್ಲ ಅಂದಿದ್ರ ಓಡಿ ಹೋಗಿ ತರ್ತಿದ್ದೆ. ನಿನಗ ಎಲ್ಲಾ ಗೊತ್ತಾತು ಅಂದ್ಕಂಡೆ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು. ಗಂಜಿಯ ಬಟ್ಟಲು ಅವಳ ಕೈಗೆ ಕೊಟ್ಟು, ಉಪ್ಪು ಸಾಕಾ ಎಂದು ಕೇಳಿದೆ.