ಹೆಜ್ಜೆ ದಾಟಿದ ಒಂದು ತಾಸು

ಕಾಲೇಜಿನಲ್ಲಿ ನನಗೆ ಕೋಪಿಷ್ಠೆ ಅಂತ ಹೆಸರಿದೆ. ಇರಲಿ ಬಿಡಿ, ಅದರಲ್ಲಿ ಸುಳ್ಳೇನೂ ಇಲ್ಲ. ಕಾರವಾರದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಖ್ಯಾತ್ಮಕ ಗಣಿತ ಕಲಿಸುತ್ತಿದ್ದೇನೆ. ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಡುವ ವಿದ್ಯಾರ್ಥಿಗಳನ್ನು ಕಂಡರೆ ಮೈ ಉರಿಯುತ್ತದೆ. "ಉತ್ತರ ಬಂತು, ಸರಿ. ಅದನ್ನು ನಂಬಬೇಕು ಅಂತ ನಿಮಗೆ ಯಾರು ಹೇಳಿದರು?" ಎಂದು ಕೇಳಿ ಕೇಳಿ ನನ್ನ ಗಂಟಲೇ ಒಣಗಿದೆ. ಅದೇ ಪ್ರಶ್ನೆಯನ್ನು ನಾನು ಕೇಳಿಕೊಳ್ಳದೆ ಹೋದ ಒಂದು ಜೂನ್ ತಿಂಗಳ ಕತೆ ಇದು.

ಆಗ ನಾನು ಬಿಣಗಾದಲ್ಲಿ ಹೆದ್ದಾರಿ ಬದಿಯ ಬಾಡಿಗೆ ಮನೆಯೊಂದರಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಒಬ್ಬಳೇ. ಬೆಳಿಗ್ಗೆ ಬಸ್ಸು, ಪಾಠ, ಸಂಜೆ ಬಸ್ಸು, ಅನ್ನಕ್ಕೊಂದು ಸಾರು. ಶನಿವಾರ ಬಾಯಿ ಮುಚ್ಚಿದರೆ ಸೋಮವಾರದ ಮೊದಲ ತರಗತಿಯಲ್ಲೇ ತೆರೆಯುವುದು. ಮಾತು ಬೇಕು ಅನ್ನಿಸಿದಾಗ ಕುಕ್ಕರನ್ನು ಬೈಯುತ್ತಿದ್ದೆ. ಇಂಥ ದಿನಗಳ ನಡುವೆ ಹಟ್ಟಿಕೇರಿಯ ಗಜನಿ ನನ್ನ ಪಾಲಿಗೆ ಬಂದದ್ದು ದೊಡ್ಡ ಸಂಗತಿಯೇ ಆಗಿತ್ತು.

ಗಜನಿ ಅಂದರೆ ಉಪ್ಪುನೀರಿನ ಹೊಳೆಯಂಚಿನ ತಗ್ಗು ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೊಂದು ಮರದ ಬಾಗಿಲು. ಮಳೆ ಬಿದ್ದು ಗದ್ದೆಯ ಉಪ್ಪು ತೊಳೆದ ಮೇಲೆ ಅಲ್ಲಿ ಅಲ್ಪಸ್ವಲ್ಪ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ನೀರಿನಲ್ಲಿ ಉಪ್ಪು ದಿನದಿಂದ ದಿನಕ್ಕೆ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕುವುದು ಕಾಲೇಜು ನನಗೆ ವಹಿಸಿದ ಕೆಲಸ. ಮಳೆ ಎಷ್ಟು, ಹೊರಹೋಗುವ ನೀರೆಷ್ಟು, ಬಾಗಿಲು ಎತ್ತಿದರೆ ಒಳನುಗ್ಗುವ ಉಬ್ಬರದ ನೀರೆಷ್ಟು ಎಂದು ಸಮೀಕರಣ ಬರೆದು ಕಂಪ್ಯೂಟರಿಗೆ ಕೊಡುತ್ತಿದ್ದೆ. ಅದು ಮುಂದಿನ ಹತ್ತು ಹದಿನೈದು ದಿನಗಳ ಉಪ್ಪನ್ನು ಹೇಳುತ್ತಿತ್ತು.

ಅಲ್ಲಿ ಒಬ್ಬ ಹೆಂಗಸು ಇದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಕಟ್ಟೆಯೊಳಗೆ ಅವಳದೊಂದು ತುಂಡು ಗದ್ದೆ. ನಾನು ಮೊದಲ ದಿನ ಉಪ್ಪು ಅಳೆಯುವ ಮೀಟರು ನೀರಿಗಿಳಿಸಿ ಬಟನ್ನು ಒತ್ತುತ್ತ ಒದ್ದಾಡುವಾಗ, ಅವಳು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೂ ಕೈಪು ಅದೆ ಅಕ್ಕೋರೆ, ಆ ಡಬ್ಬಿ ಎಂತ ಹೇಳ್ತದೆ?" ಅಂದಳು. ಡಬ್ಬಿಯೂ ಉಪ್ಪು ಇನ್ನೂ ಹೆಚ್ಚಿದೆ ಎಂದೇ ಹೇಳಿತು. ಅವಳು ನಕ್ಕು, ಕಟ್ಟೆಯ ಮೇಲೆ ಕೂತು ನನಗೊಂದು ಎಲೆ ಅಡಿಕೆ ಕೊಟ್ಟಳು. ವರ್ಷಗಳ ಮೇಲೆ ಯಾರೋ ನನ್ನ ಪಕ್ಕ ಸುಮ್ಮನೆ, ಕೆಲಸವಿಲ್ಲದೆ ಕೂತಿದ್ದರು. ಅದು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ನೀರನ್ನು ನೋಡಲು ಅವಳಿಗೆ ತನ್ನದೇ ಒಂದು ಕ್ರಮವಿತ್ತು. ಬಾಗಿಲ ಹತ್ತಿರ ಒಮ್ಮೆ, ಗದ್ದೆಯ ಆ ತುದಿಯಲ್ಲಿ ಒಮ್ಮೆ ನೆಕ್ಕಿ ನೋಡುವಳು. ಎರಡೂ ರುಚಿ ಒಂದೇ ಆದರೆ ನಾಲ್ಕು ದಿನ ಈ ಕಡೆ ತಲೆ ಹಾಕುತ್ತಿರಲಿಲ್ಲ. ಬೇರೆಬೇರೆಯಾದರೆ ಮರುದಿನವೇ ಹಾಜರು. ನನಗೆ ಖುಷಿಯೋ ಖುಷಿ. "ಅಕ್ಕಾ, ನನ್ನ ಲೆಕ್ಕವೂ ಹೀಗೇ ನಡೆಯೂದು" ಅಂದೆ.

ನಿಜವಾಗಿಯೂ ಹಾಗೆಯೇ. ಕಂಪ್ಯೂಟರು ಕಾಲದಲ್ಲಿ ಒಂದೊಂದೇ ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಗೂ ಎರಡು ಉತ್ತರ ತೆಗೆಯುತ್ತದೆ, ಒಂದು ಸ್ವಲ್ಪ ಒರಟು, ಇನ್ನೊಂದು ಸ್ವಲ್ಪ ನಯ. ಎರಡರ ನಡುವಿನ ವ್ಯತ್ಯಾಸವೇ ಆ ಹೆಜ್ಜೆಯಲ್ಲಿ ಆಗಿರಬಹುದಾದ ತಪ್ಪಿನ ಅಂದಾಜು. ನಾವು ಒಪ್ಪಿದ ಮಿತಿಗಿಂತ ಅದು ಹೆಚ್ಚಾದರೆ ಆ ಹೆಜ್ಜೆ ರದ್ದು. ಹಿಂದೆ ಬಂದು ಚಿಕ್ಕ ಹೆಜ್ಜೆ ಇಟ್ಟು ನೋಡಬೇಕು. ಮಿತಿಗಿಂತ ಬಹಳ ಕಡಿಮೆಯಾದರೆ ಮುಂದಿನ ಹೆಜ್ಜೆ ಉದ್ದವಾಗುತ್ತದೆ. ನೀರು ತಳಮಳಿಸುವಲ್ಲಿ ನಿಮಿಷಗಳ ಲೆಕ್ಕ, ಸುಮ್ಮನಿರುವಲ್ಲಿ ದಿನದ ಲೆಕ್ಕ. ಇಷ್ಟನ್ನೂ ಅವಳಿಗೆ ವಿವರಿಸಿದೆ. "ಜಾಣ ಅದೆ ಹಂಗಾರೆ" ಅಂದಳು. ನಾನೇ ಜಾಣೆ ಅಂದಷ್ಟು ಉಬ್ಬಿಹೋದೆ.

ಆ ವರ್ಷ ಮಳೆ ಬೇಗ ಹಿಡಿದು ಉಪ್ಪು ಬೇಗ ಇಳಿಯಿತು. ಅವಳ ಮನೆಯ ಅಟ್ಟದಲ್ಲಿ ಒಂದೇ ಒಂದು ಮುಡಿ ಬೀಜ ಇತ್ತು. ಹುಲ್ಲು ಸುತ್ತಿ ಕಟ್ಟಿದ, ಅತ್ತೆಯ ಕಾಲದಿಂದ ಪ್ರತಿ ವರ್ಷ ಬಿತ್ತಿ ಉಳಿಸಿಕೊಂಡು ಬಂದ ಕಗ್ಗ. ಉಳಿದವರೆಲ್ಲ ಬಿತ್ತುವುದನ್ನು ಬಿಟ್ಟು ಮೀನಿಗೆ ತಿರುಗಿದ್ದರಿಂದ ಆ ತಳಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅವಳ ಚಿಂತೆ ಒಂದೇ. ಎಂಟು ದಿನಕ್ಕೆ ಅಮಾವಾಸ್ಯೆ. ಅಮಾವಾಸ್ಯೆಯ ಮಧ್ಯಾಹ್ನದ ದೊಡ್ಡ ಉಬ್ಬರಕ್ಕೆ ಒಂದು ತಾಸು ಬಾಗಿಲು ಎತ್ತಿ, ಮೀನುಮರಿ ಒಳಗೆ ಬಿಟ್ಟುಕೊಳ್ಳುವುದು ಆ ಕಟ್ಟೆಯವರ ಪದ್ಧತಿ.

"ಬೀಜ ನೆನೆಹಾಕ್ಲೋ, ಅಮಾಸೆ ಕಳೀಲೋ ಅಕ್ಕೋರೆ? ಮೊಳಕಿ ಎಳೇದಿದ್ದಾಗ ಉಪ್ಪು ತಾಗಿದ್ರೆ ಸುಟ್ಟೇ ಹೋಗ್ತದೆ. ಈ ಒಂದು ಸಲ ಬಾಗ್ಲು ಎತ್ತಬೇಡಿ ಅಂತ ಬೇಕಾರೆ ಬಾಯ್ಬಿಟ್ಟು ಕೇಳ್ತೆ. ಒಬ್ಳಿಗಾಗಿ ಅಂತ ಬೈತ್ರು, ಬೈಲಿ."

"ತಡಿ ಅಕ್ಕಾ, ನೋಡಿ ಹೇಳ್ತೆ" ಅಂದೆ.

ಬಾಗಿಲು ಎತ್ತುವ ಮುದುಕನ ಹತ್ತಿರ ಹೊತ್ತು ಕೇಳಿ ಬರೆದುಕೊಂಡೆ. ಆ ಒಂದು ತಾಸನ್ನು ಸರಿಯಾಗಿಯೇ ಲೆಕ್ಕಕ್ಕೆ ಸೇರಿಸಿದೆ. ಉತ್ತರ ಬಂತು. ಗಂಟೆಗೊಂದು ಚುಕ್ಕಿಯಂತೆ ನುಣ್ಣಗೆ ಕೆಳಗಿಳಿಯುವ ಗೆರೆ. ಅಮಾವಾಸ್ಯೆಯಂದು ಒಂದು ಕೊಂಕೂ ಇಲ್ಲ. ಅನುಮಾನ ಬಂದು ತಪ್ಪಿನ ಮಿತಿಯನ್ನು ನೂರು ಪಟ್ಟು ಬಿಗಿ ಮಾಡಿ ಮತ್ತೆ ಓಡಿಸಿದೆ. ಅದೇ ಗೆರೆ. ಒಂದು ತಾಸಿನ ನೀರು ಲೆಕ್ಕಕ್ಕಿಲ್ಲದಷ್ಟು ಕಡಿಮೆ ಎಂದು ತೀರ್ಮಾನಿಸಿದೆ. ಪೆನ್ನು ಕೆಳಗಿಟ್ಟೆ.

"ಎಂತದೂ ಆಗೂದಿಲ್ಲ ಅಕ್ಕಾ, ಬಿತ್ತು" ಎಂದು ಫೋನಿನಲ್ಲಿ ಹೇಳಿದೆ.

ಅವಳು ಇಡೀ ಮುಡಿ ಬಿಚ್ಚಿದಳು. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಅಮಾವಾಸ್ಯೆಯ ದಿನ ನನಗೆ ರಜೆ ಇತ್ತು. ಹೋಗಬಹುದಿತ್ತು. ಎಲ್ಲ ಸರಿಯಿದೆಯಲ್ಲ, ಇನ್ನೇಕೆ ಮಳೆಯಲ್ಲಿ ಅಷ್ಟು ದೂರ ಎಂದು ಮನೆಯಲ್ಲೇ ಉಳಿದು ಉತ್ತರಪತ್ರಿಕೆ ತಿದ್ದಿದೆ.

ಮೂರನೆಯ ದಿನ ಅವಳ ಫೋನು. "ಅಕ್ಕೋರೆ, ಸುಟ್ಟೋಯ್ತು" ಅಂದಳು. ಫೋನು ಇಟ್ಟುಬಿಟ್ಟಳು. ನಾನು ಹಲೋ ಹಲೋ ಅನ್ನುತ್ತಲೇ ಇದ್ದೆ.

ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಈ ಸಲ ಗೆರೆಯನ್ನಲ್ಲ, ಅದು ಇಟ್ಟ ಹೆಜ್ಜೆಗಳನ್ನೇ ಒಂದೊಂದಾಗಿ ಹೊರತೆಗೆದೆ. ಅಯ್ಯೋ ದೇವರೇ! ಬಾಗಿಲು ಮುಚ್ಚಿದ ಗದ್ದೆಯಲ್ಲಿ ಉಪ್ಪು ಮೆಲ್ಲಗೆ ಇಳಿಯುತ್ತಿದ್ದರಿಂದ ಎರಡು ಉತ್ತರಗಳೂ ಸದಾ ಹೊಂದುತ್ತಿದ್ದವು. ಹೆಜ್ಜೆ ಬೆಳೆದು ಬೆಳೆದು ಇಪ್ಪತ್ತೆರಡು ತಾಸಾಗಿತ್ತು. ಅಷ್ಟು ಉದ್ದದ ಹೆಜ್ಜೆಯೊಳಗೆ ಅದು ಇಣುಕಿ ನೋಡುವುದು ಆರು ಹೊತ್ತುಗಳಲ್ಲಿ ಮಾತ್ರ. ಆ ಹೊತ್ತುಗಳು ಸಮದೂರದಲ್ಲಿಯೂ ಇರುವುದಿಲ್ಲ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಅರ್ಧ ಹೆಜ್ಜೆ ಖಾಲಿ. ಆ ಹನ್ನೊಂದು ತಾಸಿನ ಖಾಲಿಯೊಳಗೆ ಬಾಗಿಲು ಎದ್ದು, ಸಮುದ್ರ ಒಳಬಂದು, ಬಾಗಿಲು ಮುಚ್ಚಿತ್ತು. ನೋಡಿದ ಆರು ಹೊತ್ತಿನಲ್ಲೂ ಬಾಗಿಲು ಮುಚ್ಚಿಯೇ ಇತ್ತು. ಒರಟು ಉತ್ತರ, ನಯ ಉತ್ತರ ಎರಡೂ ಅದೇ ಆರು ನೋಟಗಳಿಂದ ಕಟ್ಟಿದವು. ಎರಡೂ ಒಟ್ಟಿಗೆ ಕುರುಡಾದಾಗ ವ್ಯತ್ಯಾಸ ಎಲ್ಲಿಂದ ಬರಬೇಕು? ಮಿತಿ ಬಿಗಿ ಮಾಡಿದಾಗ ಹೆಜ್ಜೆ ಒಂಬತ್ತು ತಾಸಿಗೆ ಇಳಿದಿತ್ತು. ಆಗಲೂ ಖಾಲಿ ಜಾಗ ನಾಲ್ಕು ತಾಸಿಗಿಂತ ಹೆಚ್ಚೇ ಇತ್ತು, ಮತ್ತೆ ದಾಟಿಹೋಯಿತು. ಗಂಟೆಗೊಂದು ಚುಕ್ಕಿ ಎಂದು ನಾನು ನಂಬಿದ್ದು ಎರಡು ಹೆಜ್ಜೆಗಳ ನಡುವೆ ಆಮೇಲೆ ತುಂಬಿಸಿದ ಗೆರೆ. ಅಲ್ಲಿ ಯಾರೂ ಹೋಗಿ ನೋಡಿರಲಿಲ್ಲ.

ಸರಿಪಡಿಸಲು ಬೇಕಾದದ್ದು ನಾಲ್ಕು ಸಾಲು. ಬಾಗಿಲು ಏಳುವ ಹೊತ್ತಿಗೆ ಲೆಕ್ಕವನ್ನು ನಿಲ್ಲಿಸಿ, ಅಲ್ಲಿಂದ ಸಣ್ಣ ಹೆಜ್ಜೆಯಲ್ಲಿ ಹೊಸದಾಗಿ ಹೊರಡಿಸಬೇಕು. ಮುಚ್ಚುವ ಹೊತ್ತಿಗೂ ಹಾಗೆಯೇ. ಹೆಜ್ಜೆ ಇಷ್ಟಕ್ಕಿಂತ ಉದ್ದವಾಗಬಾರದು ಎಂದು ಕಡಿವಾಣವನ್ನೂ ಹಾಕಿದೆ. ಓಡಿಸಿದೆ. ಅಮಾವಾಸ್ಯೆಯ ಮಧ್ಯಾಹ್ನ ಗೆರೆ ಗೋಡೆಯ ಹಾಗೆ ಎದ್ದು ನಿಂತಿತು. ನಾನು ಅತ್ತೆ. ಬಹಳ ಹೊತ್ತು ಅತ್ತೆ. ಸಮಾಧಾನ ಮಾಡಲು ಯಾರೂ ಇಲ್ಲದಿದ್ದರೆ ಅಳು ತಾನಾಗಿ ಮುಗಿಯಲು ಬಹಳ ಹೊತ್ತು ಬೇಕಾಗುತ್ತದೆ.

ಮರುದಿನ ಹಟ್ಟಿಕೇರಿಗೆ ಹೋದೆ. ಗದ್ದೆಯ ತುಂಬ ಕೆಂಪಗೆ ಒಣಗಿದ ಮೊಳಕೆ. ಗುಡ್ಡದ ಸಿಹಿನೀರು ಜಿನುಗುವ ಒಂದು ಮೂಲೆಯಲ್ಲಿ ಮಾತ್ರ ಚಾಪೆ ಹಾಸುವಷ್ಟು ಜಾಗ ಹಸಿರಿತ್ತು. ಅವಳು ಆ ಮೂಲೆಯ ಸುತ್ತ ಬರಿಗೈಯಲ್ಲಿ ಕೆಸರು ಎತ್ತಿ ಒಡ್ಡು ಹಾಕುತ್ತಿದ್ದಳು. ನಾನು ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ, ಹೆಜ್ಜೆ, ಆರು ನೋಟ, ಖಾಲಿ ಜಾಗ. ಕ್ಷಮೆ ಕೇಳಲು ಬಂದವಳು ಪಾಠ ಮಾಡುತ್ತಿದ್ದೆ. ಅವಳು ತಲೆ ಎತ್ತಲಿಲ್ಲ.

"ನಿಮ್ಮ ಲೆಕ್ಕಕ್ಕೆ ಗೊತ್ತಾಗ್ಲಿಲ್ಲ, ಸರಿ. ಅಂದು ನೀವು ಬಂದ್ರಾ?"

"ಇಲ್ಲ."

"ನಾ ಎರಡು ದಿನ ಮುಂಚೆ ನೆಕ್ಕಿ ನೋಡಿದ್ದೆ. ಎರಡೂ ಕಡೆ ಒಂದೇ ರುಚಿ. ಅಮಾಸೆ ದಿವ್ಸ ಬಾಗ್ಲ ಹತ್ರ ಬಂದು ಕೂತ್ಕಣೂದು ನನ್ನ ಪದ್ಧತಿ. ಈ ವರ್ಷ ಅಕ್ಕೋರು ಹೇಳೀರಲ್ಲ ಅಂತ ಮನಿಲೇ ಇದ್ದೆ." ಕೆಸರಿನ ಉಂಡೆಯೊಂದನ್ನು ಒಡ್ಡಿಗೆ ಒತ್ತಿದಳು. "ನಾವಿಬ್ರೂ ಮನಿಲೇ ಇದ್ವು."

ಎಲೆ ಅಡಿಕೆ ಕೊಡಲಿಲ್ಲ. ನಾನೂ ಕೂರಲಿಲ್ಲ. ಕೆಸರಿಗೆ ಇಳಿದು ಒಂದು ಕೈ ಹಚ್ಚಬಹುದಿತ್ತು ಎಂದು ಹೊಳೆದದ್ದು ಬಸ್ಸು ಅಮದಳ್ಳಿ ದಾಟಿದ ಮೇಲೆ.

ಆಮೇಲೆ ಫೋನು ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಆ ಮೂಲೆಯಲ್ಲಿ ಎರಡು ಸೇರು ಬೀಜ ಸಿಕ್ಕಿತೆಂದು ಬಾಗಿಲಿನ ಮುದುಕ ಹೇಳಿದ. ಮುಡಿ ಕಟ್ಟಲು ಸಾಲದು, ಆದರೆ ತಳಿ ಉಳಿಯಿತು.

ಮುಂದಿನ ವರ್ಷ ಮಳೆ ಹಿಡಿದ ಮೇಲಿನ ಮೊದಲ ಅಮಾವಾಸ್ಯೆಗೆ ನಾನು ಯಾರೂ ಕರೆಯದೆ ಹೋದೆ. ಅವಳು ಬಾಗಿಲ ಪಕ್ಕ ಕೊಡೆ ಹಿಡಿದು ಕೂತಿದ್ದಳು. ಅವಳ ಹಿಂದೆ ಆ ಮೂಲೆಯಲ್ಲಿ, ಎತ್ತರದ ಒಡ್ಡಿನೊಳಗೆ, ಎಳೆ ಮೊಳಕೆ ಹಸಿರಾಗಿತ್ತು. ಮುದುಕ ಬಾಗಿಲು ಎತ್ತಿದ, ನೀರು ನುಗ್ಗಿತು, ಒಡ್ಡಿನವರೆಗೆ ಬಂದು ನಿಂತಿತು. ಆ ಒಂದು ತಾಸು ಇಬ್ಬರೂ ನೀರನ್ನೇ ನೋಡಿದೆವು. ಬಾಗಿಲು ಇಳಿದ ಮೇಲೆ ಅವಳು ಒಡ್ಡಿನೊಳಗಿನ ನೀರು ನೆಕ್ಕಿ ನೋಡಿ ಎದ್ದಳು.

"ಲೆಕ್ಕ ಸರಿ ಮಾಡಿದ್ರಾ ಅಕ್ಕೋರೆ?"

"ಮಾಡಿದೆ ಅಕ್ಕಾ. ಒಡ್ಡು ಗಟ್ಟಿ ಇದ್ರೆ ಏನೂ ಆಗೂದಿಲ್ಲ ಅಂತ ಹೇಳ್ತದೆ."

"ಹೌದಾ, ಚೊಲೋ ಆಯ್ತು" ಅಂದಳು. "ನಾ ಈಗ ಕೇಳೂದು ಬಿಟ್ಟೆ."

ಕೊಡೆ ಮಡಚಿಕೊಂಡು ಕಟ್ಟೆಯ ಮೇಲೆ ಮನೆಯ ಕಡೆ ನಡೆದಳು. ನಾನು ಬಾಗಿಲ ಹತ್ತಿರ ಒಮ್ಮೆ, ಗದ್ದೆಯ ಆ ತುದಿಯಲ್ಲಿ ಒಮ್ಮೆ ಬೆರಳು ಅದ್ದಿ ನೆಕ್ಕಿ ನೋಡಿದೆ. ಎರಡೂ ಬೇರೆಬೇರೆ ಇದ್ದವು. ನಾಳೆ ಮತ್ತೆ ಬರಬೇಕು ಎಂದುಕೊಂಡೆ, ಅವಳಿಗೆ ಅದರ ಅಗತ್ಯವಿಲ್ಲ ಎಂದು ಗೊತ್ತಿದ್ದೂ.