ಕೊಟ್ರಬಸಪ್ಪನವರ ಹಾಲಿನ ನೇಮ

ಚನ್ನಗಿರಿಯ ಅಡಿಕೆ ವ್ಯಾಪಾರಿ ಕೊಟ್ರಬಸಪ್ಪನವರು, ಕರುವಿನ ಪಾಲು ಅಂತ ಹಾಲು ಮೊಸರು ಬಿಟ್ಟು ಏಳೆಂಟು ವರ್ಷವಾಗಿತ್ತು. ಊರು ಹೊಗಳಿದ್ದೇ ಹೊಗಳಿದ್ದು. ಈಗ ಕಾಲು ಜೋಮು ಹಿಡಿದು, ನಡೆಯಾಕೆ ಗೋಡೆ ಬೇಕಾಗಿತ್ತು. ಹೆಂಡತಿ ಶಿವಗಂಗಮ್ಮ ಡಾಕ್ಟರ ಹತ್ತಿರ ಎಳೆದೊಯ್ದಳು.

"ಬಿ ಹನ್ನೆರಡು ಅನ್ನೋ ವಿಟಮಿನ್ನು ಸೊಪ್ಪು, ಕಾಳಿನಲ್ಲಿಲ್ಲ ಯಜಮಾನ್ರೇ," ಅಂದರು ಡಾಕ್ಟರು. "ಹಾಲಲ್ಲಿತ್ತು, ಅದನ್ನೂ ಬಿಟ್ರಿ. ರಕ್ತಕ್ಕೂ ನರಕ್ಕೂ ಅದು ಬೇಕೇ ಬೇಕು. ಇಂಜೆಕ್ಷನ್ ತಗೊಳ್ರಿ."

"ಮಾಂಸದ್ದೇನ್ರೀ?"

"ಅಲ್ಲ, ಸೂಕ್ಷ್ಮಜೀವಿಗಳಿಂದ ತಯಾರಿಸ್ತಾರೆ."

"ಅವಕ್ಕೂ ಜೀವ ಐತಲ್ಲ!" ಅಂತ ಕೊಟ್ರಬಸಪ್ಪನವರು ಎದ್ದೇಬಿಟ್ಟರು.

"ನಿಮಗೂ ಒಂದೈತಲ್ರೀ?" ಅಂದಳು ಶಿವಗಂಗಮ್ಮ.

ಕೇಳದೆ ಗೋಡೆ ಹಿಡ್ಕೊಂಡೇ ಬೀದಿಗಿಳಿದರು. ಒಂದು ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡದ್ದು ಆ ಕಾಲಿಗೆ ತಿಳಿಯಲೇ ಇಲ್ಲ.

ಇಂಜೆಕ್ಷನ್ ತಗೊಳ್ಳದೆಯೇ ವರ್ಷದೊಳಗೆ ತೀರಿಕೊಂಡರು. "ಎಂಥಾ ನೇಮಸ್ಥರು!" ಅಂದರು ಮಾತಾಡಿಸಾಕೆ ಬಂದವರೆಲ್ಲ. ಶಿವಗಂಗಮ್ಮ ಹಾಲು ಹಾಕಿಯೇ ಕಾಫಿ ಕೊಟ್ಟಳು. ಒಬ್ಬರೂ ಬೇಡ ಅನ್ನಲಿಲ್ಲ.