ಒಂದು ಹನಿ ಅಮೋನಿಯಾ

ನಾನು ಅನುಮಾನದ ಹೆಂಗಸು. ಮನೆಯಲ್ಲೂ ಹಾಗೇ, ಕಾಲೇಜಿನಲ್ಲೂ ಹಾಗೇ. ಆಳಂದ ಬಸ್‌ಸ್ಟ್ಯಾಂಡಿನ ಹತ್ತಿರ ಹಾಲಿನ ಖವಾ ತಂದರೆ ಚೂರು ಮುರಿದು ಅದರ ಮೇಲೆ ಅಯೋಡಿನ್ ಬಿಡುತ್ತೇನೆ. ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ ಎಂದರ್ಥ, ವಾಪಸ್ ಒಯ್ದು ಅಂಗಡಿಯವನ ಎದುರಿಗೇ ಇಡುತ್ತೇನೆ. ರಸಾಯನಶಾಸ್ತ್ರ ಕಲಿಸುವವರಿಗೆ ಇದು ರೋಗವಲ್ಲ, ಕಸುಬು ಎಂದು ನನ್ನ ಸಮಾಧಾನ. ಆ ಬೇಸಿಗೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನಗಿಂತ ಒಂದು ಕೈ ಮೇಲಿನ ಅನುಮಾನಸ್ಥರು ಬಂದರು.

ಹೊರಗಿನ ಪರೀಕ್ಷಕರು. ವಯಸ್ಸಾದವರು, ಇಸ್ತ್ರಿ ಅಂಗಿ, ಮಾತು ಕಡಿಮೆ. ಬಂದವರೇ ಕಪಾಟಿನ ಬೀಗ ಎಳೆದು ನೋಡಿದರು. ಸಕ್ಕರೆಯ ಪುಡಿ ಇಟ್ಟಿದ್ದ ಹೆಸರಿಲ್ಲದ ಪೊಟ್ಟಣಗಳನ್ನು ಎತ್ತಿ ಬೆಳಕಿಗೆ ಹಿಡಿದರು. "ಇದರಾಗ ಏನೈತಿ ಅಂತ ಹುಡುಗ್ರಿಗೆ ಗೊತ್ತಿಲ್ಲ, ಹೌದಿಲ್ಲರಿ?" ಎಂದರು. ಗೊತ್ತಿಲ್ಲ ಸರ್ ಎಂದೆ. ನನ್ನ ಮುಖವನ್ನೂ ಬೆಳಕಿಗೆ ಹಿಡಿದಂತೆ ನೋಡಿದರು.

ಪೊಟ್ಟಣದಲ್ಲಿ ಇದ್ದದ್ದು ಗ್ಲುಕೋಸ್. ಹತ್ತು ಗ್ರಾಂ ತೂಗಿ, ನೀರಲ್ಲಿ ಕರಗಿಸಿ ನೂರು ಮಿಲಿ ಮಾಡಿ, ಉದ್ದನೆಯ ಗಾಜಿನ ಕೊಳವೆಗೆ ತುಂಬಿ ಪೋಲಾರಿಮೀಟರಿನಲ್ಲಿ ಇಡಬೇಕು. ಹಳದಿ ದೀಪದ ಬೆಳಕನ್ನು ಆ ದ್ರಾವಣ ಎಷ್ಟು ಡಿಗ್ರಿ ತಿರುಗಿಸುತ್ತದೆ ಎಂದು ಓದಿ, ಲೆಕ್ಕ ಮಾಡಿ, ಯಾವ ಸಕ್ಕರೆ ಎಂದು ಹೇಳಬೇಕು. ನಮ್ಮಲ್ಲಿ ಪೋಲಾರಿಮೀಟರ್ ಇರುವುದು ಒಂದೇ. ಹುಡುಗರೆಲ್ಲ ಒಂದೇ ಹೊತ್ತಿಗೆ ಕರಗಿಸಿಕೊಂಡು, ಕೈಯಲ್ಲಿ ಫ್ಲಾಸ್ಕ್ ಹಿಡಿದು ಸಾಲಾಗಿ ನಿಲ್ಲುತ್ತಾರೆ.

ತೊಂದರೆ ಇರುವುದು ಈ ಸಾಲಿನಲ್ಲೇ. ಗ್ಲುಕೋಸಿನ ಅಣು ನೀರಿನಲ್ಲಿ ಸುಮ್ಮನೆ ಕೂರುವುದಿಲ್ಲ. ಅದರ ಸರಪಳಿ ಬಾಗಿ, ಒಂದು ಕಡೆಯ ಆಮ್ಲಜನಕ ಇನ್ನೊಂದು ತುದಿಯ ಮೊದಲ ಇಂಗಾಲಕ್ಕೆ ಹೋಗಿ ಕೂಡಿಕೊಂಡು ಆರು ಮೂಲೆಯ ಉಂಗುರವಾಗಿರುತ್ತದೆ. ಕೂಡಿದ ಜಾಗದ ಪರಮಾಣುಗಳ ಒಂದು ಗುಂಪು ಕೆಳಗೆ ಮುಖ ಮಾಡಿದರೆ ಆಲ್ಫಾ, ಮೇಲೆ ಮಾಡಿದರೆ ಬೀಟಾ. ಉಳಿದಂತೆ ಎರಡೂ ಒಂದೇ. ಪುಡಿಯಲ್ಲಿ ಇರುವುದೆಲ್ಲ ಆಲ್ಫಾ. ಅದು ಬೆಳಕನ್ನು ಜೋರಾಗಿ ತಿರುಗಿಸುತ್ತದೆ. ನೀರಿಗೆ ಬಿದ್ದ ಮೇಲೆ ಉಂಗುರ ಬಿಚ್ಚುತ್ತದೆ, ಮತ್ತೆ ಕೂಡುತ್ತದೆ, ಕೂಡುವಾಗ ಹಲವು ಬೀಟಾ ಆಗುತ್ತವೆ. ಬೀಟಾ ತಿರುಗಿಸುವುದು ಕಡಿಮೆ. ಹೀಗಾಗಿ ಇಪ್ಪತ್ತೆರಡು ಡಿಗ್ರಿಯ ಹತ್ತಿರ ಶುರುವಾಗುವ ಅಂಕಿ ಇಳಿಯುತ್ತ ಇಳಿಯುತ್ತ, ಮೂರರಲ್ಲಿ ಒಂದು ಪಾಲು ಆಲ್ಫಾ, ಎರಡು ಪಾಲು ಬೀಟಾ ಎಂಬಷ್ಟಕ್ಕೆ ಬಂದಾಗ ಹತ್ತೂವರೆ ಡಿಗ್ರಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಮ್ಯೂಟಾರೊಟೇಶನ್ ಎನ್ನುತ್ತಾರೆ. ನಮ್ಮ ಬಿಸಿಲಿನಲ್ಲೂ ಅದಕ್ಕೆ ಹೊತ್ತು ಹಿಡಿಯುತ್ತದೆ.

ಆದ್ದರಿಂದ ಸಾಲಿನಲ್ಲಿ ಮುಂದಿದ್ದವರಿಗೆ ದೊಡ್ಡ ಅಂಕಿ, ಹಿಂದಿದ್ದವರಿಗೆ ಸಣ್ಣದು. ನಿಲ್ಲದ ಅಂಕಿ ಬರೆಯಬೇಡಿ ಎಂದು ವರ್ಷವಿಡೀ ಬಡಿದುಕೊಳ್ಳುತ್ತೇನೆ. ಪರೀಕ್ಷೆಯ ದಿನ ಯಾರಿಗೂ ಪುರುಸೊತ್ತಿಲ್ಲ; ಕಂಡದ್ದು ಬರೆದು ಕೈತೊಳೆದುಕೊಳ್ಳುತ್ತಾರೆ.

ಸಾಲಿನ ನಡುವೆ ಹಿರೋಳ್ಳಿಯ ಹುಡುಗಿ ಇದ್ದಳು. ತಂದೆತಾಯಿ ಕೂಲಿಗೆ ಹೋಗುವವರು. ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಎಂ.ಎಸ್‌ಸಿ. ಮಾಡಬೇಕೆಂಬುದು ಅವಳ ಒಂದೇ ಹಟ. ಆಕೆ ಒಮ್ಮೆ ಓದಿ, ಕೊಳವೆ ತೆಗೆದು, ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಫ್ಲಾಸ್ಕಿಗೆ ಏನೋ ಹನಿಸಿದಳು. ನಾನೂ ನೋಡಿದೆ, ಪರೀಕ್ಷಕರೂ ನೋಡಿದರು. ಸಾಲಿನ ಕೊನೆಗೆ ಬಂದು ಮತ್ತೆ ಓದಿ ಹತ್ತೂವರೆ ಎಂದು ಬರೆದಳು. ಅದನ್ನು ಕೊಳವೆಯ ಉದ್ದ, ದ್ರಾವಣದ ಸಾಂದ್ರತೆಗಳಿಂದ ಭಾಗಿಸಿ ಲೆಕ್ಕ ಹಾಕಿದರೆ ಐವತ್ತೆರಡೂವರೆ. ಪುಸ್ತಕದಲ್ಲಿ ಗ್ಲುಕೋಸಿಗೆ ಇರುವುದು ಐವತ್ತೆರಡು ಪಾಯಿಂಟ್ ಏಳು.

ಪರೀಕ್ಷಕರು ಹಾಳೆ ಎತ್ತಿಕೊಂಡರು. "ಉಳಿದವರದು ಹದಿನೆಂಟು, ಹದಿನೈದು, ಹದಿಮೂರು. ನಿಂದೊಂದೇ ಪುಸ್ತಕದ ಉತ್ತರ ಹೆಂಗ ಬಂತು?"

"ಬರೋಬ್ಬರಿ ನಿಂತ ಮ್ಯಾಲ ನೋಡೀನ್ರಿ ಸರ್."

"ಅಷ್ಟರಾಗ ನಿಲ್ಲಂಗಿಲ್ಲ. ಏನ್ ಹಾಕ್ದಿ ಅದರಾಗ?"

"ಅಮೋನಿಯಾ ರಿ. ಒಂದೇ ಹನಿ."

ಅವರು ಫ್ಲಾಸ್ಕ್ ಮೂಸಿ ನನ್ನ ಕಡೆ ತಿರುಗಿದರು. ಹುಡುಗಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ದನಿ ತಗ್ಗಿಸಿ ಹೇಳಿದ್ದು ಇಷ್ಟು: ಪೊಟ್ಟಣದಲ್ಲಿ ಗ್ಲುಕೋಸ್ ಇದೆ ಎಂದು ಇವಳಿಗೆ ಯಾರೋ ಹೇಳಿದ್ದಾರೆ, ಪುಸ್ತಕದ ಅಂಕಿಗೆ ಹತ್ತಿರ ಒಂದು ಅಂಕಿ ಕಟ್ಟಿ ಬರೆದಿದ್ದಾಳೆ, ಕೇಳಿದರೆ ಹೇಳಲು ಅಮೋನಿಯಾದ ನೆಪ. ಅಷ್ಟಕ್ಕೂ ಅಮೋನಿಯಾದಂಥ ಕ್ಷಾರ ಬಿದ್ದರೆ ಗ್ಲುಕೋಸ್ ಕೆಟ್ಟು ಬೇರೆ ಸಕ್ಕರೆ ಆಗುತ್ತದೆ, ಅಂಕಿ ಅದಕ್ಕೂ ಇಳಿಯುತ್ತದೆ. ನಕಲು ಎಂದು ಬರೆಯುತ್ತೇನೆ.

ನಕಲು ಎಂದು ಬರೆದರೆ ಆ ಸೆಮಿಸ್ಟರಿನ ಎಲ್ಲ ಪೇಪರೂ ಹೋದಂತೆ. ಕಡಗಂಚಿಯ ಸೀಟೂ ಹೋದಂತೆ.

"ಯಾರೋ ಹೇಳ್ಯಾರ ಅಂದ್ರ ಯಾರ್ರಿ ಸರ್?" ಎಂದೆ. ಪೊಟ್ಟಣ ಕಟ್ಟಿದವಳು ನಾನೊಬ್ಬಳೇ. ಅವರು ಕಪಾಟಿನ ಕಡೆ ನೋಡಿದರು. ನನಗೆ ಪಿತ್ತ ನೆತ್ತಿಗೇರಿತು. ಆದರೆ ಸಿಟ್ಟಿನ ಅಡಿಯಲ್ಲಿ ನನ್ನ ಬುದ್ಧಿಯೂ ತನ್ನ ಕೆಲಸ ಮಾಡುತ್ತಿತ್ತು: ಕಪಾಟಿನ ಕೀಲಿ ಊಟದ ಹೊತ್ತಿನಲ್ಲಿ ಮೇಜಿನ ಮೇಲೇ ಇರುತ್ತದಲ್ಲ, ಇವಳು ನೋಡಿರಬಹುದೇ? ಹುಡುಗಿಯನ್ನು ಕರೆದೆ.

"ಖರೇ ಹೇಳು. ಇದು ಗ್ಲುಕೋಸ್ ಅಂತ ಮೊದಲೇ ಗೊತ್ತಿತ್ತೇನು?"

"ಇಲ್ರಿ ಮೇಡಮ್. ಮೊದಲ ಹದಿನೇಳು ಕಾಣಿಸ್ತು. ನೋಡಿಕೋತ ನಿಂತೆ, ಹದಿನಾರಾತು. ಇಳಿಯಾಕತ್ತೈತಿ ಅಂದ್ರ ಉಂಗುರ ಬಿಚ್ಚಿ ಕೂಡೋ ಸಕ್ಕರಿನೇ ಅಂತ ಗೊತ್ತಾತು. ಅಮೋನಿಯಾ ಒಂದ್ ಹನಿ ಬಿದ್ರ ಲಗೂನ ನಿಲ್ತೈತಿ ಅಂತ ಕ್ಲಾಸಿನ್ಯಾಗ ನೀವೇ ಹೇಳಿದ್ರಿ."

"ಆ ಹದಿನೇಳು ಯಾಕ ಬರೀಲಿಲ್ಲ?"

"ನಿಲ್ಲದ್ದು ಬರೀಬ್ಯಾಡ್ರಿ ಅಂದಿದ್ರಿ."

ಅಂದಿದ್ದೆ. ಅಮೋನಿಯಾದ ಮಾತನ್ನೂ ಎಂದೋ ಪಾಠದ ನಡುವೆ ಹಾರಿಸಿದ್ದೆ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಜಾಣರು ಸುಳ್ಳು ಹೇಳುವಾಗ ನಮ್ಮ ಮಾತನ್ನೇ ನಮಗೆ ತಿರುಗಿಸಿ ಕೊಡುತ್ತಾರೆ. ನಾನು ಪರೀಕ್ಷಕರಿಗೆ ಹೇಳಿದೆ: "ನೀವೇ ಕೈಯಾರೆ ಎರಡು ಫ್ಲಾಸ್ಕ್ ಮಾಡ್ರಿ ಸರ್. ಒಂದಕ್ಕ ಅಮೋನಿಯಾ ಹಾಕ್ರಿ, ಇನ್ನೊಂದಕ್ಕ ಬ್ಯಾಡ. ಅಮೋನಿಯಾ ಸಕ್ಕರಿ ಕೆಡಿಸಿದ್ರ ಎರಡೂ ಒಂದೇ ಕಡೆ ನಿಲ್ಲಂಗಿಲ್ಲ."

ಅವರು ಒಪ್ಪಿದರು. ತೂಕ ತಾವೇ ಮಾಡಿದರು, ನೀರು ತಾವೇ ಹಾಕಿದರು, ನನ್ನನ್ನು ಮೇಜಿನಿಂದ ಎರಡು ಮಾರು ದೂರ ನಿಲ್ಲಿಸಿದರು. ಎರಡೂ ಇಪ್ಪತ್ತೊಂದರ ಹತ್ತಿರ ಶುರುವಾದವು. ಹನಿ ಬಿದ್ದದ್ದು ಚಹಾ ಕುಡಿಯುವಷ್ಟರಲ್ಲಿ ಹತ್ತೂವರೆಗೆ ಬಂದು ಕೂತಿತು. ಇನ್ನೊಂದು ನಿಧಾನಕ್ಕೆ ಇಳಿಯುತ್ತಿತ್ತು. ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ಈಗ ಪ್ರಶ್ನೆ. ಅವರು ಆ ಕೊಳವೆಯ ಬಾಯಿಗೆ ಚೀಟಿ ಅಂಟಿಸಿ ಸಹಿ ಮಾಡಿದರು.

ಕಾಯುವ ಹೊತ್ತಿನಲ್ಲಿ ಅವಳ ಮೌಖಿಕ ಪರೀಕ್ಷೆ ಶುರು ಮಾಡಿದರು. ಉಳಿದವರಿಗೆ ಎರಡು ಪ್ರಶ್ನೆ ಕೇಳಿ ಬಿಟ್ಟಿದ್ದರು. ಇವಳನ್ನು ಬಿಡಲಿಲ್ಲ.

"ಜ್ವಾಳದ ರೊಟ್ಟಿ ತಿಂತಿ. ಜ್ವಾಳದ ಒಣ ದಂಟು, ಕಣಿಕಿ, ಯಾಕ ತಿನ್ನಂಗಿಲ್ಲ? ಎರಡರಾಗೂ ಇರೋದು ಗ್ಲುಕೋಸೇ."

"ಜೋಡಿಸಿದ ರೀತಿ ಬ್ಯಾರೆ ಐತ್ರಿ. ಕಾಳಿನ ಪಿಷ್ಟದಾಗ ಆಲ್ಫಾ ಬಂಧ. ಸರಪಳಿ ಸುರುಳಿ ಸುತ್ತತೈತಿ, ನೀರು ಒಳಗ ಹೋಗ್ತೈತಿ. ನಮ್ಮ ಜೊಲ್ಲಿನ್ಯಾಗಿರೋ ಅಮೈಲೇಸ್ ಆ ಬಂಧ ಕಡೀತೈತ್ರಿ. ಕಣಿಕಿಯೊಳಗಿನ ಸೆಲ್ಯುಲೋಸಿನ್ಯಾಗ ಬೀಟಾ ಬಂಧ. ಒಂದು ಬಿಟ್ಟು ಒಂದು ಉಂಗುರ ಮಗುಚಿ ಕೂತು ಸರಪಳಿ ನೆಟ್ಟಗ ನಿಲ್ತೈತಿ, ಬಾಜೂದ ಸರಪಳಿಗೆ ಗಟ್ಟಿ ಹತ್ಕೋತೈತಿ. ಅದನ್ನ ಕಡಿಯೋ ಕಿಣ್ವ ನಮ್ಮ ಹೊಟ್ಟ್ಯಾಗ ಇಲ್ರಿ."

"ಎಮ್ಮಿ ಹೊಟ್ಟ್ಯಾಗ ಐತೇನು?"

"ಎಮ್ಮಿಗೂ ಸ್ವಂತದ್ದಿಲ್ರಿ. ಅದರ ಹೊಟ್ಟ್ಯಾಗಿನ ಸೂಕ್ಷ್ಮಜೀವಿ ಕಡೀತಾವು."

"ಹಂಗಾದ್ರ ಸೆಲ್ಯುಲೋಸಿನ ಬೀಟಾ ತಾನೇ ಆಲ್ಫಾ ಆಗಿ ಯಾಕ ಬದಲಾಗಂಗಿಲ್ಲ, ಗ್ಲುಕೋಸ್ ಆದಂಗ?"

ಇದು ಸಿಕ್ಕಿಸುವ ಪ್ರಶ್ನೆ. ಅವಳು ಮೇಜಿನ ಮೇಲೆ ಬೆರಳಿನಿಂದ ಎರಡು ಉಂಗುರ ಬರೆದಳು.

"ಮೊದಲನೇ ಇಂಗಾಲ ಮುಂದಿನ ಉಂಗುರಕ್ಕ ಕಟ್ಟಿ ಹಾಕಿರ್ತೈತಿ. ಉಂಗುರ ಬಿಚ್ಚಾಕ ಬರಂಗಿಲ್ರಿ. ಸರಪಳಿಯ ಕಟ್ಟಕಡೆ ತುದಿ ಒಂದೇ ಖುಲ್ಲಾ ಇರೋದು. ಕರಜಗಿ ಕಡೆ ಬೆಳೆಯೋ ಕಬ್ಬಿನ ಸಕ್ಕರಿ ತಗೊಂಡ್ರ ಅದೂ ಇಲ್ಲ, ಎರಡೂ ಕಡೆ ಕಟ್ಟಿದ್ದು. ಅದರ ಅಂಕಿ ಇಳಿಯಂಗೇ ಇಲ್ರಿ."

ಪರೀಕ್ಷಕರು ಎದ್ದು ಹೋಗಿ ಅಮೋನಿಯಾ ಇಲ್ಲದ ಕೊಳವೆ ನೋಡಿದರು. ಹದಿನಾಲ್ಕು. ನನ್ನ ಡಬ್ಬಿಯ ರೊಟ್ಟಿ ಮುಂದಿಟ್ಟರೆ ಅದನ್ನೂ ಮುರಿದು ನೋಡಿ ತಿಂದರು. ಹುಡುಗಿ ಕಿಟಕಿಯ ಬಳಿಯೇ ನಿಂತಿದ್ದಳು. ಊಟ ಮಾಡು ಎಂದರೂ ಮಾಡಲಿಲ್ಲ. ಅಂಕಿ ಹನ್ನೆರಡು. ಹನ್ನೊಂದಕ್ಕಿಂತ ಸ್ವಲ್ಪ ಮೇಲೆ. ಫ್ಯಾನು ತಿರುಗುತ್ತಿತ್ತು, ಸೆಖೆ ಹಾಗೇ ಇತ್ತು. ಕೊನೆಗೆ ಅವರು ಮಸೂರಕ್ಕೆ ಕಣ್ಣಿಟ್ಟು ಬಹಳ ಹೊತ್ತು ಗುಂಡಿ ತಿರುಗಿಸಿದರು, ಕಾದು ಮತ್ತೆ ತಿರುಗಿಸಿದರು. ಹತ್ತೂವರೆ. ಅಮೋನಿಯಾದ ಕೊಳವೆ ಇಟ್ಟು ನೋಡಿದರು. ಅದೂ ಅಲ್ಲೇ ಇತ್ತು.

"ಸರಿ ಐತಿ," ಎಂದರು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಕಲು ಎಂದು ಬರೆದಿದ್ದುದನ್ನು ರಬ್ಬರಿನಿಂದ ಉಜ್ಜಿ ತೆಗೆದರು, ಪೂರ್ತಿ ಅಂಕ ಕೊಟ್ಟರು, ಚೀಲ ಎತ್ತಿಕೊಂಡು ಹೋದರು. ಹುಡುಗಿಯನ್ನು ದಾಟಿಯೇ ಹೋದರು. ನನಗೆ ಮಾತ್ರ ಹಿಗ್ಗೋ ಹಿಗ್ಗು. ನನ್ನ ಮೇಲೆ ಬಂದಿದ್ದ ಅಪವಾದವೂ ಕಳೆದಿತ್ತಲ್ಲ. ಅವಳ ಬೆನ್ನು ತಟ್ಟಿ, "ಇನ್ನ ಮನೀಗೆ ಹೋಗು ಬೇ, ಎಲ್ಲಾ ಮುಗೀತು," ಎಂದೆ.

ಅವಳು ಹೋಗಲಿಲ್ಲ. ಏಪ್ರನ್ ಮಡಿಸುತ್ತ ನಿಂತಳು.

"ಮೇಡಮ್, ಸಾಲಿನ್ಯಾಗ ಮೊದಲ ನಿಂತಿದ್ದನಲ್ರಿ, ಅವನೂ ಹತ್ತೂವರೆನೇ ಬರದಾನ್ರಿ."

ಅಫಜಲಪುರದ ಕಡೆಯ ಹುಡುಗ, ಕಬ್ಬಿನ ದೊಡ್ಡ ಹೊಲದವರ ಮಗ. ಯಾವಾಗಲೂ ನಗುನಗುತ್ತ ನಮಸ್ಕಾರ ಮಾಡುವವನು. ಕಟ್ಟಿನಿಂದ ಅವನ ಹಾಳೆ ಎಳೆದು ನೋಡಿದೆ. ಇತ್ತು. ಲೆಕ್ಕದ ಕೊನೆಗೆ ಐವತ್ತೆರಡೂವರೆ ಇರಬೇಕಾದಲ್ಲಿ ಐವತ್ತೆರಡು ಪಾಯಿಂಟ್ ಏಳು, ಪುಸ್ತಕದಲ್ಲಿ ಇದ್ದಂತೆಯೇ. ಕರಗಿಸಿದ ಕೂಡಲೇ ಓದಿದವನಿಗೆ ಇಪ್ಪತ್ತರ ಕೆಳಗಿನ ಅಂಕಿ ಕಾಣಲು ಸಾಧ್ಯವೇ ಇಲ್ಲ. ಅವನು ಅಮೋನಿಯಾದ ಬಾಟಲಿಯನ್ನೂ ಮುಟ್ಟಿರಲಿಲ್ಲ. ಕೆಳಗೆ ಪರೀಕ್ಷಕರ ಸಹಿ, ಅದರ ಪಕ್ಕದಲ್ಲಿ ನನ್ನದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು, ಅಂಕಿ ನೋಡದೆಯೇ ಹಾಕಿದ ಸಹಿ.

"ಇದನ್ನ ಆವಾಗ್ಲೇ ಯಾಕ ಹೇಳಲಿಲ್ಲ?" ಎಂದೆ. ದನಿ ಎತ್ತರವಾಗಿಯೇ ಬಂತು.

"ಹೇಳಿದ್ರ ಅವನ್ನ ಏನೂ ಕೇಳ್ತಿದ್ದಿಲ್ರಿ," ಎಂದಳು. "ಅವನ ಹಾಳಿ ನೀ ಯಾಕ ನೋಡಿದಿ ಅಂತ ನನ್ನನ್ನೇ ಕೇಳ್ತಿದ್ರಿ."

ಕೇಳುತ್ತಿದ್ದೆ. ಆಗ ಅಷ್ಟೇ ಅಲ್ಲ, ಈಗಲೂ ಅವಳು ಅದನ್ನು ಹೇಳುವ ಮೊದಲೇ ನನ್ನ ಬಾಯಿಗೆ ಬಂದಿದ್ದ ಪ್ರಶ್ನೆಯೂ ಅದೇ ಆಗಿತ್ತು.